ಫ್ರಾಂಚೈಸಿ ಷರತ್ತು ಮತ್ತು ಬಂಡವಾಳದ ಬಗ್ಗೆ ವಿಚಾರಣೆ

ಫ್ರಾಂಚೈಸಿ ವಿಭಾಗದ ವ್ಯವಸ್ಥಾಪಕರಿಗೆ,

ಮಾನ್ಯರೇ,

ದಾವಣಗೆರೆಯ ವಿದ್ಯಾನಗರದಲ್ಲಿ 11 ವರ್ಷಗಳಿಂದ ಬೇಕರಿ ನಡೆಸುತ್ತಿದ್ದೇನೆ. ಮಳಿಗೆ 14 ಅಡಿಗೆ 20 ಅಡಿ, ಬಾಡಿಗೆಯದು. ಕರಾರು ಇನ್ನೂ 4 ವರ್ಷ ಇದೆ. ಬೆಣ್ಣೆದೋಸೆ ತಿಂದು ಬಂದವರು ಕಾಫಿ ಕೇಳುತ್ತಾರೆ, ನನ್ನಲ್ಲಿರುವುದು ಫ್ಲಾಸ್ಕಿನ ಚಹಾ ಮಾತ್ರ. ಹಾಗಾಗಿ ನಿಮ್ಮ ಫಿಲ್ಟರ್ ಕಾಫಿ ಮಳಿಗೆಯ ಫ್ರಾಂಚೈಸಿ ಪಡೆಯುವ ಯೋಚನೆಯಲ್ಲಿದ್ದೇನೆ.

ಕೈಯಲ್ಲಿ 6 ಲಕ್ಷ ರೂಪಾಯಿ ಇದೆ, ಉಳಿದದ್ದಕ್ಕೆ ಮುದ್ರಾ ಸಾಲ ಕೇಳಬೇಕು. ಬ್ಯಾಂಕಿಗೆ ತೋರಿಸಲು ಪ್ರವೇಶ ಶುಲ್ಕ, ಠೇವಣಿ, ಯಂತ್ರ, ಒಳಾಂಗಣದ ಖರ್ಚನ್ನು ಬಿಡಿಬಿಡಿಯಾಗಿ ತಿಳಿಸಿ. ಇವುಗಳಲ್ಲಿ ಮರಳಿ ಬರುವುದು ಯಾವುದು? ರಾಯಲ್ಟಿ ಮಾರಾಟದ ಮೇಲೋ, ಲಾಭದ ಮೇಲೋ? ಅದರಲ್ಲಿ ಶೇ 18ರ ಜಿಎಸ್‌ಟಿ ಸೇರಿದೆಯೇ? ಒಪ್ಪಂದ ಎಷ್ಟು ವರ್ಷಕ್ಕೆ, ನಡುವೆ ಬಿಟ್ಟರೆ ದಂಡವೆಷ್ಟು? ಹದಡಿ ರಸ್ತೆಯಲ್ಲಿ ಮತ್ತೊಬ್ಬರಿಗೂ ಕೊಡುತ್ತೀರಾದರೆ ಈಗಲೇ ಹೇಳಿಬಿಡಿ.

ಹಿಂದೆ ಐಸ್‌ಕ್ರೀಮ್ ಕಂಪನಿಯೊಂದರ ಫ್ರೀಜರ್ ಇಟ್ಟಿದ್ದೆ. ಏಪ್ರಿಲ್ ಬಿಸಿಲಿನಲ್ಲಿ ಅದು ಕೆಟ್ಟಿತು. ಮೆಕ್ಯಾನಿಕ್ ಬಂದದ್ದು ಒಂಬತ್ತನೇ ದಿನ. ಆದ್ದರಿಂದ ನಿಮ್ಮ ಯಂತ್ರ ಕೆಟ್ಟರೆ ಎಷ್ಟು ಗಂಟೆಯಲ್ಲಿ, ಯಾವ ಊರಿನಿಂದ ಜನ ಬರುತ್ತಾರೆ ಎಂಬುದು ಬರವಣಿಗೆಯಲ್ಲಿ ಬೇಕು. ಅಂಗಡಿಯ ಹುಡುಗರಿಬ್ಬರ ತರಬೇತಿಯ ಖರ್ಚು ಯಾರದು?

ಒಪ್ಪಂದದ ಕರಡು ಕಳುಹಿಸಿ. ಕರ್ನಾಟಕದಲ್ಲಿ ಈಗ ನಡೆಯುತ್ತಿರುವ ಎರಡು ಮಳಿಗೆಗಳ ಮಾಲೀಕರೊಡನೆ ಮಾತನಾಡಲು ಅವಕಾಶ ಕೊಟ್ಟರೆ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಮಂಜುನಾಥ
ಬೇಕರಿ ಮಾಲೀಕ, ವಿದ್ಯಾನಗರ, ದಾವಣಗೆರೆ