ಟೆರೇಸ್ ಟ್ಯಾಂಕ್ ತೊಳೆಯುವ ಸೂಚನೆ

ಕೇಶ್ವಾಪುರ, ಹುಬ್ಬಳ್ಳಿ

ಎಲ್ಲ ನಿವಾಸಿಗಳಿಗೆ ನಮಸ್ಕಾರ,

ಬರುವ ರವಿವಾರ ಬೆಳಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ ಟೆರೇಸ್ ಮೇಲಿನ ಟ್ಯಾಂಕ್ ತೊಳೆಯುತ್ತೇವೆ. ಆಗ ನಳದಲ್ಲಿ ನೀರು ಬರುವುದಿಲ್ಲ. ಶನಿವಾರ ರಾತ್ರಿಯೇ ಬೇಕಾದಷ್ಟು ತುಂಬಿಟ್ಟುಕೊಳ್ಳಿ, ಜಾಸ್ತಿ ಬೇಡ. ಟ್ಯಾಂಕಿನಲ್ಲಿ ಉಳಿದ ನೀರನ್ನು ಗಿಡಗಳಿಗೆ, ಪಾರ್ಕಿಂಗ್ ತೊಳೆಯಲು ಬಳಸುತ್ತೇವೆ.

ಮೊದಲು ಮೋಟಾರಿನ ಮೇನ್ ಸ್ವಿಚ್ ಆಫ್ ಮಾಡಿ, ಬೋರ್ಡ್ ತೂಗುಹಾಕಲಾಗುವುದು. ಅದನ್ನು ಯಾರೂ ಆನ್ ಮಾಡಬೇಡಿ, ಒಳಗೆ ಮನುಷ್ಯರಿರುತ್ತಾರೆ. ಮುಚ್ಚಳ ತೆಗೆದು ಚೆನ್ನಾಗಿ ಗಾಳಿ ಆಡಿದ ಮೇಲೆಯೇ ಕೆಲಸದವರು ಇಳಿಯಬೇಕು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಮೇಲೆ ನಿಂತು ಮಾತಾಡಿಸುತ್ತಲೇ ಇರಬೇಕು. ಒಳಗಿದ್ದವರಿಗೆ ತಲೆ ಸುತ್ತಿತು ಅಂತ ಮತ್ತೊಬ್ಬರು ಸುಮ್ನೆ ಧುಮುಕಬಾರದು. 112ಕ್ಕೆ ಫೋನ್ ಮಾಡಿ.

ತಳದ ರಾಡಿ ತೆಗೆದು, ಗೋಡೆಗಳನ್ನು ಬ್ರಷ್‌ನಿಂದ ಉಜ್ಜಿ, ಬ್ಲೀಚಿಂಗ್ ಪೌಡರ್ ನೀರು ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯಲಾಗುವುದು. ಬ್ಲೀಚಿಂಗ್ ಜೊತೆ ಆ್ಯಸಿಡ್ ಬೆರೆಸಿದರೆ ವಿಷದ ಗಾಳಿ ಏಳುತ್ತದೆ. ಹಾಗಾಗಿ ಮನೆಯಿಂದ ಬಾತ್‌ರೂಮ್ ಕ್ಲೀನರ್ ಕೊಡಬೇಡಿ.

ಗೀಸರ್, ಫಿಲ್ಟರ್ ಬಂದ್ ಇಡಿ. ನೀರು ಬಂದಾಗ ಮೊದಲು ಸ್ವಲ್ಪ ಹೊತ್ತು ಹರಿಯಬಿಡಿ. ಬ್ಲೀಚಿಂಗ್ ವಾಸನೆ ಹೋದ ಮೇಲೆ ಕುಡಿಯಲು ಬಳಸಿ. ಮಕ್ಕಳನ್ನು ಅಂದು ಟೆರೇಸಿಗೆ ಕಳಿಸಬೇಡಿ.

ಮುಂದಿನ ಸಲ ಆರು ತಿಂಗಳ ನಂತರ.

ಕಾರ್ಯದರ್ಶಿ, ನಿವಾಸಿಗಳ ಸಂಘ