ವಿಟ್ಲದ ಹುದ್ದೆಗೆ ರೆಫರೆನ್ಸ್ ನೀಡುವಂತೆ ವಿನಂತಿ

ಪೆರ್ಲ,
ಜೂನ್ 12, 2025

ಮಾನ್ಯ ಭಟ್ ಸರ್ ಅವರಿಗೆ ಸವಿತಾಳ ವಂದನೆಗಳು.

ವಿಟ್ಲದ ಅಡಿಕೆ ಖರೀದಿ ಸಂಸ್ಥೆಯೊಂದರಲ್ಲಿ ಖರೀದಿ ಮೇಲ್ವಿಚಾರಕಿಯ ಹುದ್ದೆಗೆ ನಾನು ಅರ್ಜಿ ಸಲ್ಲಿಸಿದ್ದು, ಮೊದಲ ಸಂದರ್ಶನ ಮುಗಿದಿದೆ. ನನ್ನ ಕೆಲಸವನ್ನು ಹತ್ತಿರದಿಂದ ಕಂಡ ಹಿಂದಿನ ಮೇಲಧಿಕಾರಿಯೊಬ್ಬರ ಜೊತೆ ಮಾತನಾಡಬೇಕೆಂದು ಅವರು ಕೇಳಿದ್ದಾರೆ. ಬದಿಯಡ್ಕದ ಡಿಪೋದಲ್ಲಿ ನನಗೆ ಕೆಲಸ ಕಲಿಸಿದವರು ತಾವೇ ಆದ್ದರಿಂದ ಈ ರೆಫರೆನ್ಸನ್ನು ತಾವು ನೀಡಬಹುದೇ ಎಂದು ವಿನಂತಿಸುತ್ತಿದ್ದೇನೆ. ತಮ್ಮ ಒಪ್ಪಿಗೆ ಸಿಗುವವರೆಗೆ ತಮ್ಮ ಫೋನ್ ನಂಬರನ್ನು ಅವರಿಗೆ ಕೊಡುವುದಿಲ್ಲ. ಅನನುಕೂಲವಿದ್ದರೆ ಸಂಕೋಚವಿಲ್ಲದೆ ತಿಳಿಸಿ.

ಹೊಸ ಅಡಿಕೆ, ಹಳತು, ಡಬ್ಬಲ್ ಚೋಲ್, ಪಟೋರ, ಕರಿಗೋಟು ಎಂದು ವಿಂಗಡಿಸಿ ದರ ನಿಗದಿ ಮಾಡುವುದು, ಬೆಳೆಗಾರರ ಹಣ ತಡವಾಗದಂತೆ ನೋಡಿಕೊಳ್ಳುವುದು, ದಾಸ್ತಾನು ಮತ್ತು ಜಿಎಸ್‌ಟಿ ಲೆಕ್ಕ ಇಡುವುದು ಈ ಹುದ್ದೆಯ ಮುಖ್ಯ ಕೆಲಸಗಳು. ನಮ್ಮ ಕಡೆಯ ಬೆಳೆಗಾರರೂ ಸಾರಡ್ಕದ ಗಡಿ ದಾಟಿ ವಿಟ್ಲಕ್ಕೆ ಅಡಿಕೆ ಒಯ್ಯುವುದರಿಂದ, ಕನ್ನಡ, ತುಳು, ಮಲಯಾಳ ಮೂರರಲ್ಲೂ ವ್ಯವಹರಿಸಬಲ್ಲವರು, ಅಂತರರಾಜ್ಯ ಸಾಗಾಟದ ಇ-ವೇ ಬಿಲ್ ತಿಳಿದವರು ಬೇಕೆಂದು ಅವರು ಒತ್ತಿ ಹೇಳಿದ್ದಾರೆ.

ಅವರು ಮುಖ್ಯವಾಗಿ ತಿಳಿಯಬಯಸುವುದು, ದರದ ವಿಷಯದಲ್ಲಿ ಬೆಳೆಗಾರರೊಂದಿಗೆ ಭಿನ್ನಾಭಿಪ್ರಾಯ ಬಂದಾಗ ನಾನು ಹೇಗೆ ನಡೆದುಕೊಳ್ಳುತ್ತೇನೆ ಎಂಬುದನ್ನು. ಮಾದರಿಯನ್ನು ಬೆಳೆಗಾರರ ಕಣ್ಣೆದುರೇ ತುಂಡು ಮಾಡಿ ತೋರಿಸಿ, ದರ ಕಡಿಮೆಯಾದ ಕಾರಣವನ್ನು ಚೀಟಿಯಲ್ಲಿ ಬರೆದುಕೊಡುವ ಕ್ರಮವನ್ನು ತಮ್ಮ ಅನುಮತಿ ಪಡೆದು ನಾನು ಆರಂಭಿಸಿದ್ದು ತಮಗೆ ನೆನಪಿರಬಹುದು. ಅದರಿಂದ ತಕರಾರು ಕಡಿಮೆಯಾಯಿತೆಂದು ತಮಗೂ ಅನಿಸಿದ್ದರೆ ಅದನ್ನು ಹೇಳಿದರೆ ಉಪಕಾರವಾಗುತ್ತದೆ. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳು ಮುಚ್ಚಿ ಲಾರಿಗಳು ನಿಂತಾಗ, ಗೋದಾಮಿನ ಅಡಿಕೆಗೆ ತೇವ ತಗಲದಂತೆ ಕಾಪಾಡಿದ ಕೆಲಸವನ್ನು ನಾನು ಸಂದರ್ಶನದಲ್ಲಿ ವಿವರಿಸಿದ್ದೇನೆ. ಅದರ ಬಗ್ಗೆಯೂ ಕೇಳಬಹುದು.

ನನ್ನ ಕೊರತೆಗಳ ಬಗ್ಗೆ ಕೇಳಿದರೆ ತಮಗೆ ಕಂಡದ್ದನ್ನೇ ಹೇಳಬೇಕೆಂಬುದು ನನ್ನ ಪ್ರಾರ್ಥನೆ. ಆಗ ನನಗೆ ಕಂಪ್ಯೂಟರ್ ಲೆಕ್ಕದಲ್ಲಿ ಹೆಚ್ಚು ಅನುಭವವಿರಲಿಲ್ಲ. ಬಳಿಕ ಟ್ಯಾಲಿ ಕಲಿತು, ಈಗಿನ ಕೆಲಸದಲ್ಲಿ ದಿನವೂ ಬಳಸುತ್ತಿದ್ದೇನೆ. ತಂದೆಯವರ ಚಿಕಿತ್ಸೆಗಾಗಿ 2022ರಲ್ಲಿ ಡಿಪೋ ಬಿಟ್ಟೆನೆಂಬ ಸಂಗತಿಯನ್ನು ಸಂಸ್ಥೆಗೆ ಈಗಾಗಲೇ ತಿಳಿಸಿದ್ದೇನೆ, ಆದ್ದರಿಂದ ಅದನ್ನು ಮರೆಮಾಚಬೇಕಾಗಿಲ್ಲ.

ತಾವು ಒಪ್ಪಿದರೆ ಮುಂದಿನ ವಾರ ಸಂಸ್ಥೆಯ ಆಡಳಿತ ವಿಭಾಗದವರು ಕನ್ನಡದಲ್ಲೇ ಫೋನ್ ಮಾಡುತ್ತಾರೆ. ಮಾತುಕತೆಗೆ ಸುಮಾರು ಹದಿನೈದು ನಿಮಿಷ ಬೇಕಾಗಬಹುದು. ತಾವು ಬೆಳಿಗ್ಗೆ ತೋಟದಲ್ಲಿರುತ್ತೀರೆಂದು ತಿಳಿದಿರುವುದರಿಂದ ಮಧ್ಯಾಹ್ನದ ನಂತರ ಕರೆ ಮಾಡುವಂತೆ ಕೇಳಿಕೊಳ್ಳಲೇ? ಹುದ್ದೆಯ ಪ್ರಕಟಣೆ ಮತ್ತು ನನ್ನ ಬಯೋಡಾಟವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಸೋಮವಾರದೊಳಗೆ ಒಂದು ಮಾತು ತಿಳಿಸಿದರೆ ಸಾಕು. ಮನೆಯಲ್ಲಿ ಅಮ್ಮನವರಿಗೂ ನನ್ನ ನಮಸ್ಕಾರಗಳನ್ನು ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ಸವಿತಾ