ಸೇಡಂ ರಸ್ತೆಯ ಓಣಿಯ ರೊಟ್ಟಿ ಅಂಗಡಿಗೆ ಮಾರ್ಕೆಟಿಂಗ್ ಪ್ಲಾನ್

ಬಿ.ಕಾಂ. ಅಸೈನ್‌ಮೆಂಟ್: ಸೆಗ್ಮೆಂಟೇಶನ್, ಟಾರ್ಗೆಟಿಂಗ್, ಪೊಸಿಷನಿಂಗ್

ವ್ಯಾಪಾರ

ಅಂಗಡಿ ಇರುವುದು ಕಲಬುರಗಿಯ ಸೇಡಂ ರಸ್ತೆಯ ಒಂದು ಒಳ ಓಣಿಯಲ್ಲಿ. ಇಬ್ಬರು ಅಕ್ಕಂದಿರು ಸಂಜೆ 4ರಿಂದ 8ರವರೆಗೆ ಬಿಳಿಜೋಳದ ರೊಟ್ಟಿ ಬಡಿಯುತ್ತಾರೆ. ದಿನಕ್ಕೆ ಹೆಚ್ಚೆಂದರೆ 300. ಒಂದಕ್ಕೆ 10 ರೂಪಾಯಿ. ಜೊತೆಗೆ ಶೇಂಗಾ ಹಿಂಡಿಯೂ ಸಿಗುತ್ತದೆ. ಒಂದು ದಿನ ಏಳಕ್ಕೇ ಖಾಲಿ, ಇನ್ನೊಂದು ದಿನ ನೂರು ಉಳಿಯುತ್ತವೆ. ನಾಳೆ ಎಷ್ಟು ಹಿಟ್ಟು ನಾದಬೇಕು ಅನ್ನೋದೇ ಗೊತ್ತಾಗುವುದಿಲ್ಲ.

ಸೆಗ್ಮೆಂಟೇಶನ್

ವಯಸ್ಸು, ಆದಾಯ ನೋಡಿ ಗಿರಾಕಿಗಳನ್ನು ವಿಂಗಡಿಸಿದರೆ ಇಲ್ಲಿ ಜಾಸ್ತಿ ಉಪಯೋಗವಿಲ್ಲ. ಯಾಕೆ ಕೊಳ್ಳುತ್ತಾರೆ, ಎಷ್ಟು ಸಲ ಕೊಳ್ಳುತ್ತಾರೆ ಎಂದು ನೋಡಿದರೆ ನಾಲ್ಕು ಗುಂಪು ಕಾಣುತ್ತವೆ. ಗಂಡ-ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ದಿನಾ ಎಂಟು-ಹತ್ತು ರೊಟ್ಟಿ ಬೇಕು. ಪಿಜಿ ಹುಡುಗರು ಎರಡು-ಮೂರು ಒಯ್ಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಕಾಣುವುದೇ ಇಲ್ಲ. ಇಎಸ್‌ಐಸಿ ಆಸ್ಪತ್ರೆ ಕಡೆಯಿಂದ ಬರುವ ರೋಗಿಗಳ ಮನೆಯವರು ಒಮ್ಮೆ ಬಂದವರು ಮತ್ತೆ ಬರುವುದು ಅಪರೂಪ. ಬೆಂಗಳೂರಿನ ಮಕ್ಕಳಿಗೆ ಕಳಿಸುವವರು ಕೇಳುವುದು ಖಡಕ್ ರೊಟ್ಟಿ.

ಟಾರ್ಗೆಟಿಂಗ್

ಮೊದಲ ಗುಂಪನ್ನೇ ಹಿಡಿಯಬೇಕು. ಮನೆಗೆ 8 ರೊಟ್ಟಿಯಂತೆ 30 ಮನೆ ಸಿಕ್ಕರೆ 240 ರೊಟ್ಟಿ ಖಾತ್ರಿ. ಉಳಿದ 60 ಕೌಂಟರ್‌ಗೆ. ಪಿಜಿ ಹುಡುಗರು ಸಂಖ್ಯೆಯಲ್ಲಿ ಜಾಸ್ತಿ, ನಿಜ. ಆದರೆ ಅವರಿಗಾಗಿ ರೇಟು ಇಳಿಸಿದರೆ ಅಕ್ಕಂದಿರ ದುಡಿಮೆಗೆ ಏನು ಉಳಿಯುತ್ತದೆ? ಖಡಕ್ ರೊಟ್ಟಿಗೆ ಈಗಲೇ ಕೈ ಹಾಕುವುದು ಬೇಡ. ತಿಂಗಳುಗಟ್ಟಲೆ ಇಟ್ಟು ಮಾರುವ ದೊಡ್ಡ ಅಂಗಡಿಗಳ ಜೊತೆ ಪೈಪೋಟಿ ಬೀಳುತ್ತದೆ.

ಪೊಸಿಷನಿಂಗ್

ಗಿರಾಕಿಯ ಮನಸ್ಸಿನಲ್ಲಿ ಈ ಅಂಗಡಿ ಅಂದರೆ ತಾಜಾ ರೊಟ್ಟಿ ಅಂತ ಕೂರಬೇಕು. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಅಂಟು ಇಲ್ಲ. ಬಿಸಿನೀರು ಹಾಕಿ ನಾದಿದರೇ ಜಿಗಿ ಬರುವುದು. ಹಿಟ್ಟು ಹಳೆಯದಾದರೆ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಈ ಅಂಗಡಿಯಲ್ಲಿ ಎರಡು ದಿನಕ್ಕೊಮ್ಮೆ ಗಿರಣಿಗೆ ಹಾಕಿಸುತ್ತಾರೆ. ಹೆಂಚಿನ ಮೇಲೆ ಒದ್ದೆ ಬಟ್ಟೆ ಸವರಿ ತಿರುವಿದ ರೊಟ್ಟಿ ಉಬ್ಬುವುದನ್ನು ಗಿರಾಕಿ ಎದುರಿಗೇ ನಿಂತು ನೋಡಬಹುದು. ಪ್ಯಾಕೆಟ್ ರೊಟ್ಟಿಗೆ ಇದು ಸಾಧ್ಯವಿಲ್ಲ ಅಲ್ವಾ? ಹಾಗಾಗಿ ಬೋರ್ಡಿನ ಮಾತು: ‘ನಿನ್ನೆ ಬೀಸಿದ ಹಿಟ್ಟು, ಈಗ ಬಡಿದ ರೊಟ್ಟಿ.’ ಎರಡು ದಿನದ ಹಿಟ್ಟಿದ್ದರೆ ಇದು ಸುಳ್ಳಾಗುತ್ತದೆ, ಆದ್ದರಿಂದ ಇನ್ನು ದಿನಾ ಬೀಸಿಸಬೇಕು. ‘ಶುಗರ್‌ಗೆ ಮದ್ದು’ ಅಂತ ಮಾತ್ರ ಸುಮ್ನೆ ಬರೆಯಬಾರದು.

ಜಾರಿ

ತಿಂಗಳ ಕಾರ್ಡು: 26 ದಿನ, ದಿನಕ್ಕೆ 8 ರೊಟ್ಟಿ ಮನೆಗೆ. ಬಿಡಿಯಾಗಿ 2,080 ರೂಪಾಯಿ, ಮುಂಗಡ ಕೊಟ್ಟರೆ 2,000. ಬೇಡದ ದಿನ ಮಧ್ಯಾಹ್ನ 2ರೊಳಗೆ ವಾಟ್ಸಾಪ್ ಮಾಡಿದರೆ ಆ ದಿನ ಮುಂದಕ್ಕೆ ಹೋಗುತ್ತದೆ. ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿಯ ಆರ್ಡರ್ ವಾರ ಮೊದಲೇ ತೆಗೆದುಕೊಳ್ಳಬೇಕು. ಬೋರ್ಡು, ಕಾರ್ಡು ಸೇರಿ ಖರ್ಚು 2,500 ರೂಪಾಯಿ. ಎರಡನೇ ತಿಂಗಳು 20ಕ್ಕಿಂತ ಕಡಿಮೆ ಮನೆಗಳು ಕಾರ್ಡು ಮುಂದುವರಿಸಿದರೆ, ರೇಟು ಮುಟ್ಟುವ ಮೊದಲು ರೊಟ್ಟಿ ಮನೆಗೆ ತಲುಪುವ ಹೊತ್ತನ್ನು ಬದಲಿಸಿ ನೋಡಬೇಕು.